ಗ್ರಾಫಿಕ್ಸ್ ಕಾರ್ಡ್‌ನ ಫ್ಯಾನ್ ಅಬ್ಬರ: ಕರ್ವ್ ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ

ಆಟ ಶುರುವಾದ ಐದು ನಿಮಿಷಕ್ಕೆ ನನ್ನ ಕಂಪ್ಯೂಟರ್ ಹಿಟ್ಟಿನ ಗಿರಣಿಯಾಗುತ್ತಿತ್ತು. ಅದನ್ನು ಹೇಗೋ ಸಹಿಸಬಹುದು, ಹೆಡ್‌ಫೋನ್ ಹಾಕಿಕೊಂಡರಾಯಿತು. ಸಹಿಸಲಾಗದ ಸಂಗತಿ ಬೇರೆ ಇತ್ತು. ಏನೂ ಕೆಲಸವಿಲ್ಲದೆ ಒಂದು ಕಡತ ತೆರೆದು ಓದುತ್ತ ಕುಳಿತಾಗಲೂ ನಾಲ್ಕೈದು ನಿಮಿಷಕ್ಕೊಮ್ಮೆ ಫ್ಯಾನ್ 'ಗುರ್' ಎಂದು ಎದ್ದು, ಒಂದೂವರೆ ನಿಮಿಷ ತಿರುಗಿ, ಮತ್ತೆ ಮಲಗುತ್ತಿತ್ತು. ಒಂದೇ ಸಮನೆ ಬರುವ ಸದ್ದನ್ನು ಕಿವಿ ಮರೆಯುತ್ತದೆ. ಎದ್ದು ಬಿದ್ದು ಮಾಡುವ ಸದ್ದನ್ನು ಮಾತ್ರ ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಳ್ಳುತ್ತದೆ.

ಕಾರ್ಡ್‌ಗೆ ಮೂರು ವರ್ಷ ತುಂಬಿದೆ. ಎರಡು ಫ್ಯಾನ್, ಪೂರ್ತಿ ಭಾರ ಬಿದ್ದಾಗ 220 ವ್ಯಾಟ್. ಯಾವ ಉಷ್ಣತೆಗೆ ಫ್ಯಾನ್ ಎಷ್ಟು ವೇಗವಾಗಿ ತಿರುಗಬೇಕೆಂದು ಹೇಳುವ ಗೆರೆಯನ್ನು, ಅಂದರೆ ಫ್ಯಾನ್ ಕರ್ವ್ ಅನ್ನು, ಕೆಳಗೆಳೆದರೆ ಎರಡು ನಿಮಿಷದಲ್ಲಿ ಸದ್ದಡಗುತ್ತದೆ ಎಂಬುದು ನನಗೂ ಗೊತ್ತಿತ್ತು. ಹಾಗೆ ಮಾಡಲಿಲ್ಲ. ಹೊಸದಾಗಿದ್ದಾಗ ಇದೇ ಕಾರ್ಡ್, ಇದೇ ಕರ್ವ್, ಇದೇ ಆಟದಲ್ಲಿ ಇಷ್ಟು ಕೂಗುತ್ತಿರಲಿಲ್ಲ. ಕರ್ವ್ ಬದಲಾಗಿಲ್ಲವೆಂದರೆ ಬದಲಾಗಿರುವುದು ಶಾಖ ಹೊರಹೋಗುವ ದಾರಿ. ಫ್ಯಾನ್ ಕೂಗಿ ಹೇಳುತ್ತಿರುವುದೇ ಅದನ್ನು. ಅದರ ಬಾಯಿ ಮುಚ್ಚಿಸುವ ಮೊದಲು ಏನು ಹೇಳುತ್ತಿದೆ ಎಂದು ಕೇಳಬೇಕಿತ್ತು.

ಮೊದಲ ದಿನ: ಅಳತೆ

ಅಳತೆಗೆ ಬೇಕಾದದ್ದು ನಾಲ್ಕು ಅಂಕಿ: ಚಿಪ್‌ನ ಉಷ್ಣತೆ, ಹಾಟ್‌ಸ್ಪಾಟ್ ಉಷ್ಣತೆ, ಫ್ಯಾನ್‌ನ ವೇಗ, ಕಾರ್ಡ್ ಎಳೆಯುತ್ತಿರುವ ವ್ಯಾಟ್. ಹಾಟ್‌ಸ್ಪಾಟ್ ಎಂದರೆ ಚಿಪ್‌ನ ಮೈಮೇಲೆ ಹರಡಿರುವ ಹಲವು ಸಂವೇದಕಗಳಲ್ಲಿ ಆ ಕ್ಷಣಕ್ಕೆ ಅತಿ ಬಿಸಿಯಾಗಿರುವುದರ ಅಂಕಿ. ಎನ್‌ವಿಡಿಯಾ ಕಾರ್ಡ್ ಆದರೆ ಡ್ರೈವರ್ ಜೊತೆಗೇ ಬರುವ ಒಂದು ಆದೇಶ ಎರಡು ಸೆಕೆಂಡಿಗೊಮ್ಮೆ ಉಷ್ಣತೆ, ಫ್ಯಾನ್, ವ್ಯಾಟ್ ಮೂರನ್ನೂ ಬರೆಯುತ್ತ ಹೋಗುತ್ತದೆ:

```
nvidia-smi --query-gpu=timestamp,temperature.gpu,fan.speed,power.draw --format=csv -l 2
```

ಇದರಲ್ಲಿ ಒಂದು ಮೋಸವಿದೆ. ಇಲ್ಲಿ ಕಾಣುವ ಫ್ಯಾನ್ ಶೇಕಡಾವಾರು, ಫ್ಯಾನ್‌ಗೆ ಕೊಟ್ಟ ಆಜ್ಞೆಯೇ ಹೊರತು ಫ್ಯಾನ್ ನಿಜವಾಗಿ ತಿರುಗುತ್ತಿರುವ ವೇಗವಲ್ಲ. ತಂತಿ ಸಿಕ್ಕಿ ಫ್ಯಾನ್ ನಿಂತೇ ಹೋಗಿದ್ದರೂ ಪರದೆಯ ಮೇಲೆ 60 ಎಂದೇ ಇರುತ್ತದೆ. ಜೊತೆಗೆ ಹಾಟ್‌ಸ್ಪಾಟ್ ಇದರಲ್ಲಿ ಬರುವುದಿಲ್ಲ. ಹಾಗಾಗಿ ಆರ್‌ಪಿಎಂ ಮತ್ತು ಹಾಟ್‌ಸ್ಪಾಟ್ ನೋಡಲು ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದಿಟ್ಟುಕೊಂಡೆ.

ಕೋಣೆಯ ಉಷ್ಣತೆ 26 ಡಿಗ್ರಿ. ಒಂದೇ ಆಟದ ಒಂದೇ ದೃಶ್ಯದಲ್ಲಿ ಪಾತ್ರವನ್ನು ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟೆ. ಇಪ್ಪತ್ತು ನಿಮಿಷ ಏಕೆಂದರೆ ಚಿಪ್‌ನ ಶಾಖವನ್ನು ಹೀರಿ ಗಾಳಿಗೆ ಬಿಡುವ ಹೀಟ್‌ಸಿಂಕ್‌ನ ಲೋಹ ಮತ್ತು ಕ್ಯಾಬಿನೆಟ್‌ನೊಳಗಿನ ಗಾಳಿ ಎರಡೂ ಕಾದು ಒಂದು ಹದಕ್ಕೆ ಬರಲು ಅಷ್ಟು ಹೊತ್ತು ಹಿಡಿಯುತ್ತದೆ. ಐದೇ ನಿಮಿಷಕ್ಕೆ ಅಂಕಿ ಬರೆದುಕೊಂಡರೆ ಅದು ಅರ್ಧ ಬೆಂದ ಅಂಕಿ. ಕೊನೆಗೆ ನಿಂತದ್ದು ಹೀಗೆ: ಚಿಪ್ 80, ಹಾಟ್‌ಸ್ಪಾಟ್ 106, ಫ್ಯಾನ್ 85 ಶೇಕಡಾ ಅಂದರೆ 2840 ಆರ್‌ಪಿಎಂ. ಮೇಜಿನ ಮೇಲೆ, ಕ್ಯಾಬಿನೆಟ್‌ನಿಂದ ಅರ್ಧ ಮೀಟರ್ ದೂರದಲ್ಲಿಟ್ಟ ಫೋನಿನ ಡೆಸಿಬೆಲ್ ಆ್ಯಪ್ 49 ತೋರಿಸಿತು. ಫೋನಿನ ಅಂಕಿಯನ್ನು ಯಾರಿಗೂ ಪ್ರಮಾಣವೆಂದು ಹೇಳಬಾರದು. ಅದೇ ಫೋನು, ಅದೇ ಜಾಗ ಎಂದಿಟ್ಟುಕೊಂಡರೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಸಾಕು.

ಈ ಅಂಕಿಗಳಲ್ಲಿ ನನ್ನ ಕಣ್ಣು ಕುಕ್ಕಿದ್ದು 80 ಅಲ್ಲ, 80ಕ್ಕೂ 106ಕ್ಕೂ ನಡುವಿನ 26. ಚಿಪ್ ಮತ್ತು ಹೀಟ್‌ಸಿಂಕ್ ಚೆನ್ನಾಗಿ ಅಂಟಿಕೊಂಡಿದ್ದರೆ ಈ ಅಂತರ ಸಾಮಾನ್ಯವಾಗಿ 10ರಿಂದ 20ರೊಳಗೆ ಇರುತ್ತದೆ. ಹೆಚ್ಚಿತೆಂದರೆ ಚಿಪ್‌ನ ಮೈಯಲ್ಲಿ ಎಲ್ಲೋ ಒಂದು ಕಡೆ ಶಾಖಕ್ಕೆ ದಾರಿ ಕಟ್ಟಿದೆ ಎಂದು ಅನುಮಾನಿಸಬೇಕು.

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಇನ್ನೊಮ್ಮೆ ಇಪ್ಪತ್ತು ನಿಮಿಷ ಓಡಿಸಿದೆ. ಇಳಿದದ್ದು ಎರಡೇ ಡಿಗ್ರಿ. ಏಳೆಂಟು ಡಿಗ್ರಿ ಇಳಿದಿದ್ದರೆ ತಪ್ಪು ಕ್ಯಾಬಿನೆಟ್‌ನ ಗಾಳಿಯದು, ಕಾರ್ಡ್ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಕುಡಿಯುತ್ತಿದೆ ಎಂದಾಗುತ್ತಿತ್ತು. ಹಾಗಾಗಲಿಲ್ಲವಾದ್ದರಿಂದ ಕಾರ್ಡನ್ನೇ ಹೊರತೆಗೆಯುವುದು ಎಂದು ನಿರ್ಧರಿಸಿದೆ.

ಅದಕ್ಕೂ ಮೊದಲು ಇನ್ನೊಂದು ಪರೀಕ್ಷೆ. ಸದ್ದು ನಿಜವಾಗಿ ಫ್ಯಾನ್‌ನದೇ ಹೌದೇ? ಕಾರ್ಡ್‌ನ ಮೇಲಿನ ಕಾಯಿಲ್‌ಗಳೂ ಸಣ್ಣಗೆ ಕೀರಲುತ್ತವೆ, ಅದಕ್ಕೆ ಯಾವ ಕರ್ವ್‌ನಿಂದಲೂ ಮದ್ದಿಲ್ಲ. ಫ್ಯಾನನ್ನು 40 ಶೇಕಡಾಕ್ಕೆ ಕಟ್ಟಿಹಾಕಿ, ಆಟದ ಮೆನುವಿಗೂ ಆಟದೊಳಕ್ಕೂ ಹೋಗಿ ಬಂದೆ. ಫ್ರೇಮ್ ಸಂಖ್ಯೆಯ ಜೊತೆ ಸ್ವರ ಬದಲಾದರೆ ಅದು ಕಾಯಿಲ್. ನನ್ನಲ್ಲಿ ಬದಲಾಗಲಿಲ್ಲ. ಬೇರಿಂಗ್ ಸವೆದಿದ್ದರೆ ನಿಧಾನದ ವೇಗದಲ್ಲೂ ಕರಕರ ಎನ್ನುತ್ತದೆ, ಯಂತ್ರ ಆರಿಸಿದಾಗ ರೆಕ್ಕೆಗಳು ಮೆಲ್ಲಗೆ ನಿಲ್ಲುವ ಬದಲು ತಟ್ಟನೆ ಕಚ್ಚಿ ನಿಲ್ಲುತ್ತವೆ. ಅದೂ ಇರಲಿಲ್ಲ. ಇದ್ದಿದ್ದರೆ ಈ ಬರಹದ ಮುಂದಿನ ಭಾಗವೆಲ್ಲ ಬಿಟ್ಟು ಹೊಸ ಫ್ಯಾನ್ ಹುಡುಕಬೇಕಾಗುತ್ತಿತ್ತು.

ಎರಡನೆಯ ದಿನ: ಧೂಳು

ಯಂತ್ರ ಆರಿಸಿ, ವಿದ್ಯುತ್ ತಂತಿ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದು ಒಳಗುಳಿದ ವಿದ್ಯುತ್ತನ್ನು ಖಾಲಿ ಮಾಡಿದೆ. ಕಾರ್ಡ್‌ನ ಪವರ್ ಕನೆಕ್ಟರ್ ಬಿಡಿಸಿ, ಹಿಂದಿನ ಸ್ಕ್ರೂ ತೆಗೆದು, ಸ್ಲಾಟ್‌ನ ತುದಿಯಲ್ಲಿರುವ ಕೊಂಡಿಯನ್ನು ಒತ್ತಿದರೆ ಕಾರ್ಡ್ ಕೈಗೆ ಬರುತ್ತದೆ. ಕೊಂಡಿ ಮರೆತು ಎಳೆದರೆ ಸ್ಲಾಟೇ ಕೈಗೆ ಬರುತ್ತದೆ.

ಹೊರಗಿನಿಂದ ನೋಡಿದರೆ ಫ್ಯಾನ್‌ಗಳ ಮೇಲೆ ತೆಳುವಾದ ಧೂಳು, ಅಷ್ಟೇ. ಆದರೆ ಟಾರ್ಚ್ ಹಿಡಿದು ರೆಕ್ಕೆಗಳ ಸಂದಿಯಿಂದ ಒಳಗೆ ನೋಡಿದಾಗ ಹೀಟ್‌ಸಿಂಕ್‌ನ ಪಟ್ಟಿಗಳ ತುದಿಯಲ್ಲಿ, ಫ್ಯಾನ್‌ಗೆ ಎದುರಾದ ಮುಖದಲ್ಲಿ, ಧೂಳು ಕಂಬಳಿಯಂತೆ ನೇಯ್ದುಕೊಂಡಿತ್ತು. ಪಟ್ಟಿಗಳ ನಡುವೆ ಇರುವುದೇ ಒಂದೆರಡು ಮಿಲಿಮೀಟರ್ ಸಂದು. ಅದರ ಬಾಯಿ ಮುಚ್ಚಿದರೆ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಒಳಗೆ ಇಳಿಯದೆ ಪಕ್ಕಕ್ಕೆ ಚದುರುತ್ತದೆ. ಸದ್ದು ಪೂರ್ತಿ, ಕೆಲಸ ಅರ್ಧ.

ಮೆತ್ತನೆಯ ಬ್ರಷ್‌ನಿಂದ ಸಡಿಲಿಸಿ ಗಾಳಿ ಊದಿದೆ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಗಾಳಿಯ ರಭಸಕ್ಕೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುವುದುಂಟು. ಕಂಬಳಿ ತುಂಡುತುಂಡಾಗಿ ಉದುರಿತು.

ಜೋಡಿಸಿ ಅದೇ ಇಪ್ಪತ್ತು ನಿಮಿಷದ ಪರೀಕ್ಷೆ: ಚಿಪ್ 76, ಹಾಟ್‌ಸ್ಪಾಟ್ 101, ಫ್ಯಾನ್ 71 ಶೇಕಡಾ. ಸದ್ದು ಇಳಿಯಿತು, ನಿಜ. ಆದರೆ ಅಂತರ ನೋಡಿ: ಆಗ 26, ಈಗ 25. ಗಾಳಿಯ ದಾರಿ ತೆರೆದುಕೊಂಡಾಗ ಎರಡೂ ಅಂಕಿಗಳು ಜೊತೆಜೊತೆಯಾಗಿ ಇಳಿದವು, ಅಂತರ ಮಾತ್ರ ಅಲುಗಲಿಲ್ಲ. ಧೂಳಿನ ತಪ್ಪು ಧೂಳಿಗೆ ಹೋಯಿತು. ಉಳಿದದ್ದು ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಶಾಖ ದಾಟಿಸುವ ಪೇಸ್ಟ್.

ಮೂರನೆಯ ದಿನ: ಪೇಸ್ಟ್, ಮತ್ತು ಅರ್ಧ ಮಿಲಿಮೀಟರ್ ತಪ್ಪು

ಪ್ರತಿ ಸಲ ಕಾದು ತಣಿದಾಗ ಚಿಪ್ ಮತ್ತು ಹೀಟ್‌ಸಿಂಕ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ವರ್ಷಗಟ್ಟಲೆ ಹೀಗೆ ಉಸಿರಾಡುತ್ತ ನಡುವಿನ ಪೇಸ್ಟನ್ನು ಅಂಚಿಗೆ ತಳ್ಳುತ್ತವೆ. ನಡುವೆ ಬೋಳು ಬೀಳುತ್ತದೆ.

ಬಿಚ್ಚುವ ಮೊದಲು ಕಾರ್ಡನ್ನು ಐದು ನಿಮಿಷ ಕಾಯಿಸಿದೆ, ಒಣಗಿದ ಪೇಸ್ಟ್ ಮೆತ್ತಗಾಗಲಿ ಎಂದು. ಹಿಂಬದಿಯಲ್ಲಿ ಚಿಪ್‌ನ ನಾಲ್ಕು ಮೂಲೆಗೆ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂಗಳಿರುತ್ತವೆ. ಒಂದನ್ನೇ ಪೂರ್ತಿ ಬಿಚ್ಚಬಾರದು. ಒಂದು ಮೂಲೆಯನ್ನು ಅರ್ಧ ಸುತ್ತು, ಅದರ ಎದುರು ಮೂಲೆಯನ್ನು ಅರ್ಧ ಸುತ್ತು, ಹೀಗೆ ಅಡ್ಡಡ್ಡವಾಗಿ ಸಡಿಲಿಸುತ್ತ ಬರಬೇಕು. ಚಿಪ್ ಎಂದರೆ ಬರಿಯ ಸಿಲಿಕಾನ್ ಬಿಲ್ಲೆ, ಒಂದು ಮೂಲೆಗೆ ಭಾರ ಬಿದ್ದರೆ ಸಿಡಿಯುತ್ತದೆ. ಸ್ಕ್ರೂ ಎಲ್ಲ ಬಂದ ಮೇಲೂ ಹೀಟ್‌ಸಿಂಕ್ ಬಿಡಲಿಲ್ಲ. ಮೀಟಬಾರದು, ಬಾಟಲಿಯ ಮುಚ್ಚಳ ತಿರುಗಿಸುವಂತೆ ಆಚೆ ಈಚೆ ಮೆಲ್ಲಗೆ ತಿರುಗಿಸಬೇಕು. 'ಪಚ್' ಎಂದು ಬಿಟ್ಟುಕೊಂಡಿತು. ಪೂರ್ತಿ ಎತ್ತುವ ಮೊದಲು ಫ್ಯಾನ್‌ನ ಸಣ್ಣ ತಂತಿಯನ್ನು ಬಿಡಿಸಿದೆ.

ಚಿಪ್‌ನ ಮೇಲೆ ಊಹಿಸಿದ್ದೇ ಕಂಡಿತು: ಅಂಚಿನ ಸುತ್ತ ಬೂದು ಬಣ್ಣದ ದಪ್ಪ ಏರಿ, ನಡುವೆ ಒಂದು ಮೂಲೆಯ ಕಡೆಗೆ ಕನ್ನಡಿಯಂತೆ ಹೊಳೆಯುವ ಸಿಲಿಕಾನ್. ಹಾಟ್‌ಸ್ಪಾಟ್‌ನ 25 ಡಿಗ್ರಿ ಅಲ್ಲೇ ಕುಳಿತಿತ್ತು.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಎರಡೂ ಮುಖ ಒರೆಸಿ, ಹೊಸ ಪೇಸ್ಟನ್ನು ಚಿಪ್‌ನ ನಾಲ್ಕೂ ಮೂಲೆ ಮುಚ್ಚುವಂತೆ ಸವರಿದೆ. ಪ್ರೊಸೆಸರ್‌ಗೆ ಹಾಕುವಂತೆ ನಡುವೆ ಒಂದು ಬೊಟ್ಟಿಟ್ಟು ಬಿಟ್ಟರೆ ಸಾಲದು. ಅಲ್ಲಿ ಮೇಲೊಂದು ಲೋಹದ ಮುಚ್ಚಳವಿದ್ದು ಶಾಖವನ್ನು ಹರಡುತ್ತದೆ, ಇಲ್ಲಿ ಅದಿಲ್ಲ. ಪೇಸ್ಟ್ ತಲುಪದ ಮೂಲೆ ಬೇಯುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಹೀಟ್‌ಸಿಂಕ್ ಎತ್ತುವಾಗ ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡ್ ಎರಡು ಹರಿದಿದ್ದವು. ನನ್ನ ಪೆಟ್ಟಿಗೆಯಲ್ಲಿ 2 ಮಿಲಿಮೀಟರ್ ದಪ್ಪದ ಪ್ಯಾಡ್ ಇತ್ತು. ಹಳೆಯದು ಕಣ್ಣಳತೆಗೆ ಒಂದೂವರೆ ಇದ್ದಂತಿತ್ತು, ಮೆತ್ತಗಿದೆಯಲ್ಲ, ಒತ್ತಿದರೆ ಇಳಿಯುತ್ತದೆ ಎಂದುಕೊಂಡು ಹಾಕಿಯೇಬಿಟ್ಟೆ.

ಆಟ ಶುರು ಮಾಡಿ ನಲವತ್ತು ಸೆಕೆಂಡಿಗೆ ಹಾಟ್‌ಸ್ಪಾಟ್ 108. ಚಿಪ್‌ನ ಅಂಕಿ ಆಗಿನ್ನೂ 72. ಕೂಡಲೇ ಆಟ ಮುಚ್ಚಿದೆ. ಅಂತರ 36! ಹಳೆಯ ಒಣ ಪೇಸ್ಟೇ ಇದಕ್ಕಿಂತ ವಾಸಿ. ಪ್ಯಾಡ್‌ಗಳು ಇಳಿಯಲಿಲ್ಲ, ಬದಲಿಗೆ ಕಂಬಗಳಂತೆ ನಿಂತು ಹೀಟ್‌ಸಿಂಕನ್ನು ಚಿಪ್‌ನಿಂದ ಕೂದಲೆಳೆಯಷ್ಟು ಮೇಲಕ್ಕೆತ್ತಿದ್ದವು. ಬಿಚ್ಚಿ ನೋಡಿದರೆ ಪೇಸ್ಟಿನ ಮೇಲೆ ಹೀಟ್‌ಸಿಂಕ್‌ನ ಅಚ್ಚು ಒಂದು ಬದಿಗೆ ಮಾತ್ರ ಮೂಡಿತ್ತು.

ಹರಿದ ಹಳೆಯ ಪ್ಯಾಡ್‌ನ ಒಂದು ಅಂಚು ಚಿಪ್‌ನಿಂದ ಆಚೆ ಚಾಚಿಕೊಂಡಿತ್ತು, ಅಂದರೆ ಒತ್ತಡ ಬೀಳದೆ ತನ್ನ ಮೂಲ ದಪ್ಪದಲ್ಲೇ ಉಳಿದಿತ್ತು. ಆ ಅಂಚನ್ನು ಕ್ಯಾಲಿಪರ್‌ನಿಂದ ಅಳೆದೆ: 1.5. ನಡುವಿನ ಭಾಗ ಅಳೆದಿದ್ದರೆ ಒತ್ತಿಹೋದ 1.2 ಸಿಗುತ್ತಿತ್ತು, ಅದೂ ತಪ್ಪೇ. ಅಂದಿಗೆ ಕೆಲಸ ನಿಲ್ಲಿಸಿ, 1.5 ಮಿಲಿಮೀಟರ್‌ನ ಮೆತ್ತನೆಯ ಪ್ಯಾಡ್ ತರಿಸಿಕೊಂಡು ಎರಡು ದಿನ ಬಿಟ್ಟು ಮತ್ತೆ ಕೂರಿಸಿದೆ. ಸ್ಕ್ರೂಗಳನ್ನು ಬಿಗಿಯುವಾಗಲೂ ಅದೇ ಅಡ್ಡಡ್ಡ ಕ್ರಮ.

ಈ ಸಲ ಚಿಪ್ 70, ಹಾಟ್‌ಸ್ಪಾಟ್ 85. ಅಂತರ 15. ಕಾರ್ಖಾನೆಯ ಕರ್ವ್‌ನಲ್ಲೇ ಫ್ಯಾನ್ 85 ಶೇಕಡಾದಿಂದ 50ಕ್ಕೆ, ಅಂದರೆ 2840ರಿಂದ 1700 ಆರ್‌ಪಿಎಂಗೆ ಇಳಿದಿತ್ತು. ಕರ್ವ್‌ನ ಒಂದು ಚುಕ್ಕಿಯನ್ನೂ ನಾನಿನ್ನೂ ಮುಟ್ಟಿರಲಿಲ್ಲ.

ಕರ್ವ್

ಹಾಗಾದರೆ ಕೆಲಸ ಮುಗಿಯಿತಲ್ಲ ಎಂದರೆ, ಇಲ್ಲ. 1700 ಆರ್‌ಪಿಎಂನಲ್ಲಿ ಒಂದು ವಿಚಿತ್ರ ಗುಂಯ್‌ಗುಡುವಿಕೆ ಬರುತ್ತಿತ್ತು. ಕೈಯಾರೆ ವೇಗವನ್ನು ಎರಡೆರಡು ಶೇಕಡಾ ಏರಿಸುತ್ತ ಕಿವಿಗೊಟ್ಟೆ. 1600ರಲ್ಲಿ ಇಲ್ಲ, 1650ಕ್ಕೆ ಶುರು, 1760 ದಾಟಿದರೆ ಮಾಯ. ಕ್ಯಾಬಿನೆಟ್‌ನ ಪಕ್ಕದ ಬಾಗಿಲನ್ನು ಅಂಗೈಯಿಂದ ಒತ್ತಿದರೆ ಸದ್ದು ಅರ್ಧವಾಗುತ್ತದೆ. ಫ್ಯಾನ್‌ನ ಕಂಪನಕ್ಕೆ ತಗಡು ಶ್ರುತಿಗೂಡಿಸುತ್ತಿತ್ತು. ಅತ್ತ ಕೆಲಸವಿಲ್ಲದಾಗ ಎದ್ದು ಬೀಳುವ ಚಾಳಿಯೂ ಹಾಗೇ ಇತ್ತು. ಕರ್ವ್ ಬೇಕಾದದ್ದು ಈ ಎರಡಕ್ಕೆ.

ಕರ್ವ್ ಎಂದರೆ ಇಷ್ಟು ಉಷ್ಣತೆಗೆ ಇಷ್ಟು ವೇಗ ಎಂದು ಹೇಳುವ ಗೆರೆ. ಅಡ್ಡಗೆರೆಯಲ್ಲಿ ಡಿಗ್ರಿ, ಉದ್ದಗೆರೆಯಲ್ಲಿ ಶೇಕಡಾ. ಗೆರೆ ಎಷ್ಟು ಎತ್ತರದಲ್ಲಿದೆ ಎಂಬುದರ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ಕಿವಿಗೆ ತೊಂದರೆ ಕೊಡುವುದು ಗೆರೆ ಎಷ್ಟು ಕಡಿದಾಗಿ ಏರುತ್ತದೆ ಎಂಬುದು. ನನ್ನ ಕಾರ್ಡ್‌ನ ಕಾರ್ಖಾನೆಯ ಕರ್ವ್ 70 ಡಿಗ್ರಿಗೆ 50, 80 ಡಿಗ್ರಿಗೆ 85. ಅಂದರೆ ಡಿಗ್ರಿಗೆ ಮೂರೂವರೆ ಶೇಕಡಾ, ನನ್ನ ಫ್ಯಾನ್‌ನ ಲೆಕ್ಕದಲ್ಲಿ ಡಿಗ್ರಿಗೆ ಸುಮಾರು 115 ಆರ್‌ಪಿಎಂ. ಆಟದಲ್ಲಿ ಒಂದು ಹಂತ ಮುಗಿದು ಮುಂದಿನದು ತೆರೆಯುವಾಗ ಹತ್ತು ಸೆಕೆಂಡ್ ಭಾರವಿಲ್ಲದೆ ಚಿಪ್ ನಾಲ್ಕು ಡಿಗ್ರಿ ಇಳಿಯುತ್ತದೆ. ಫ್ಯಾನ್ 460 ಆರ್‌ಪಿಎಂ ಬೀಳುತ್ತದೆ, ಮತ್ತೆ ಏರುತ್ತದೆ. ಶಾಖದ ಮಟ್ಟಿಗೆ ಇದರಿಂದ ಯಾವ ಲಾಭವೂ ಇಲ್ಲ. ಹೀಟ್‌ಸಿಂಕ್‌ನ ಲೋಹ ಅಷ್ಟು ಚಿಕ್ಕ ಏರಿಳಿತವನ್ನು ತಾನೇ ನುಂಗಿಕೊಳ್ಳುತ್ತದೆ.

ಹಾಗಾಗಿ ಗೆರೆ ಎಳೆಯುವ ಮೊದಲು, ಗೆರೆಯೇ ಇಲ್ಲದೆ ಒಂದು ಪ್ರಯೋಗ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಫ್ಯಾನನ್ನು ಒಂದು ಸ್ಥಿರ ವೇಗಕ್ಕೆ ಕಟ್ಟಿ, ಪ್ರತಿಯೊಂದಕ್ಕೂ ಇಪ್ಪತ್ತು ನಿಮಿಷ ಕೊಟ್ಟೆ. 70 ಶೇಕಡಾದಲ್ಲಿ ಚಿಪ್ 66 ಡಿಗ್ರಿಗೆ ನಿಂತಿತು. 50ರಲ್ಲಿ 70. 44ರಲ್ಲಿ 72. 36ರಲ್ಲಿ 76. ಫ್ಯಾನ್ ವೇಗವನ್ನು ಹೆಚ್ಚುಕಡಿಮೆ ಇಮ್ಮಡಿಸಿ ಗಳಿಸಿದ್ದು ಹತ್ತೇ ಡಿಗ್ರಿ. ಸದ್ದಿನ ಕಡೆ ಲೆಕ್ಕ ಬೇರೆ. ಫ್ಯಾನ್ ಸದ್ದಿಗೆ ಒಂದು ಕೈಯಳತೆಯ ಸೂತ್ರವಿದೆ:

```
dB ವ್ಯತ್ಯಾಸ = 50 × log10(N2 / N1)
```

ಇಲ್ಲಿ N1 ಮೊದಲಿನ ವೇಗ, N2 ಆಮೇಲಿನ ವೇಗ. ವೇಗ ಇಮ್ಮಡಿಯಾದರೆ 15 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಎರಡರಷ್ಟು ಗದ್ದಲ ಅನ್ನಿಸುತ್ತದೆ ಎಂಬುದನ್ನು ನೆನೆದರೆ ಈ ವ್ಯಾಪಾರ ಎಷ್ಟು ನಷ್ಟದ್ದು ಎಂದು ತಿಳಿಯುತ್ತದೆ. ನಾನು ಆರಿಸಿಕೊಂಡದ್ದು 44 ಶೇಕಡಾ, 1490 ಆರ್‌ಪಿಎಂ. ಮೊದಲ ದಿನದ 2840ಕ್ಕೆ ಹೋಲಿಸಿದರೆ ಸೂತ್ರದ ಪ್ರಕಾರ 14 ಡೆಸಿಬೆಲ್ ಇಳಿಯಬೇಕು. ಫೋನ್ 49ರಿಂದ 37 ತೋರಿಸಿತು, ಅಂದರೆ 12. ಉಳಿದೆರಡು ಕ್ಯಾಬಿನೆಟ್‌ನ ಬೇರೆ ಫ್ಯಾನ್‌ಗಳ ಸದ್ದಿನಲ್ಲಿ ಮುಳುಗಿರಬೇಕು.

ಈಗ ಕರ್ವ್. ಆಫ್ಟರ್‌ಬರ್ನರ್‌ನ ಸೆಟ್ಟಿಂಗ್ಸ್‌ನಲ್ಲಿ `Fan` ಪುಟಕ್ಕೆ ಹೋಗಿ `Enable user defined software automatic fan control` ಗುರುತು ಹಾಕಿದರೆ ಗೆರೆ ಕಾಣಿಸುತ್ತದೆ. ಚುಕ್ಕಿಗಳನ್ನು ಎಳೆದು ಕೂರಿಸಬಹುದು. ಎಎಂಡಿ ಕಾರ್ಡ್ ಇರುವವರಿಗೆ ಅದರ ಅಡ್ರೆನಲಿನ್ ತಂತ್ರಾಂಶದಲ್ಲೇ ಇಂಥದೇ ಗೆರೆ ಇದೆ.

ಮೊದಲು ಕೆಳತುದಿ. ನನ್ನ ಕಾರ್ಡ್ 55 ಡಿಗ್ರಿ ಮುಟ್ಟಿದಾಗ ಫ್ಯಾನ್ ಎಬ್ಬಿಸಿ, 50ಕ್ಕೆ ಇಳಿದಾಗ ಮಲಗಿಸುತ್ತಿತ್ತು. ಕೆಲಸವಿಲ್ಲದಿದ್ದರೂ 55 ಏಕೆ ಮುಟ್ಟುತ್ತದೆ? ನನ್ನ ಬಳಿ ಎರಡು ಮಾನಿಟರ್, ಒಂದು 144 ಹರ್ಟ್ಸ್, ಇನ್ನೊಂದು 60. ಈ ಜೋಡಿಯಿಂದಾಗಿ ಕಾರ್ಡ್‌ನ ಮೆಮೊರಿ ನಿದ್ದೆಗೆ ಇಳಿಯದೆ ಪೂರ್ತಿ ವೇಗದಲ್ಲೇ ಇರುತ್ತದೆ, ಸುಮ್ಮನೆ ಕುಳಿತಾಗಲೂ 34 ವ್ಯಾಟ್. ಎರಡನ್ನೂ 60ಕ್ಕೆ ಇಟ್ಟು ನೋಡಿದೆ: 13 ವ್ಯಾಟ್, 44 ಡಿಗ್ರಿ, ಫ್ಯಾನ್ ಏಳಲೇ ಇಲ್ಲ. ಆದರೆ 144ರ ಮಾನಿಟರ್ ಕೊಂಡು 60ರಲ್ಲಿ ನೋಡುವ ಮನಸ್ಸಿಲ್ಲ. ಹಾಗಾಗಿ ಫ್ಯಾನ್ ಮಲಗುವುದನ್ನೇ ನಿಲ್ಲಿಸಿದೆ. 50 ಡಿಗ್ರಿಯವರೆಗೆ ಸದಾ 30 ಶೇಕಡಾ, 1020 ಆರ್‌ಪಿಎಂ. ಮೇಜಿನ ಬಳಿ ಕುಳಿತರೆ ಇದು ಕೇಳಿಸುವುದೇ ಇಲ್ಲ. ಉಷ್ಣತೆ 41ರಲ್ಲಿ ನಿಂತಿತು. ಇನ್ನೂ ಕಡಿಮೆ ಮಾಡೋಣವೆಂದು 20 ಕೊಟ್ಟರೆ ಕಾರ್ಡ್ ಒಪ್ಪಲಿಲ್ಲ, ಅದರ ಫರ್ಮ್‌ವೇರ್ 30ಕ್ಕಿಂತ ಕೆಳಗೆ ಬಿಡುವುದಿಲ್ಲ. ಹಲವು ಕಾರ್ಡ್‌ಗಳಲ್ಲಿ ಇಂಥ ತಳವೊಂದಿರುತ್ತದೆ. ಮೋಟಾರು ತೀರ ನಿಧಾನದಲ್ಲಿ ತಡವರಿಸಿ ನಿಲ್ಲದಿರಲಿ ಎಂದು.

ನಡುವೆ ಸಮತಟ್ಟು. 60 ಡಿಗ್ರಿಯಿಂದ 76ರವರೆಗೆ ಗೆರೆ ಮಲಗಿರಲಿ, 44 ಶೇಕಡಾ. ಆಟದಲ್ಲಿ ಉಷ್ಣತೆ 66ಕ್ಕೆ ಇಳಿಯಲಿ, 73ಕ್ಕೆ ಏರಲಿ, ಫ್ಯಾನ್ ಕದಲುವುದಿಲ್ಲ.

ಅದರ ಮೇಲೆ ಎರಡನೆಯ ಮೆಟ್ಟಿಲು, ಕೋಣೆ ಕಾದ ದಿನಗಳಿಗೆ: 56 ಶೇಕಡಾ, ಅಂದರೆ 1900 ಆರ್‌ಪಿಎಂ. ಗುಂಯ್‌ಗುಡುವ 1700 ಈ ಎರಡು ಮೆಟ್ಟಿಲುಗಳ ನಡುವೆ ಸಿಕ್ಕಿಬಿತ್ತು, ಅದನ್ನು ಹಾರಿ ದಾಟಬೇಕು. ಮೊದಲು ನಾನು ಚುಕ್ಕಿಗಳನ್ನು 76 ಮತ್ತು 79 ಡಿಗ್ರಿಗೆ ಇಟ್ಟಿದ್ದೆ. ಒಂದು ಸೆಕೆಯ ಮಧ್ಯಾಹ್ನ ಆಟದ ನಡುವೆ ಅದೇ ಹಳೆಯ ಗುಂಯ್. ನೋಡಿದರೆ ಫ್ಯಾನ್ ಸರಿಯಾಗಿ ಹಾರುದಾರಿಯ ನಡುವೆ ಕೂತಿದೆ. ಕಾರಣ ಯೋಚಿಸಿದಾಗ ನಗು ಬಂತು. 44 ಶೇಕಡಾ ಸಾಲದೆ ಉಷ್ಣತೆ 77 ಮುಟ್ಟುತ್ತದೆ, ಇಳಿಜಾರಿನ ಮೇಲೆ 77ಕ್ಕೆ 48 ಶೇಕಡಾ, 78ಕ್ಕೆ 52. ಅಲ್ಲಿಗೆ ಸಮತೋಲ ಸಿಕ್ಕಿಬಿಡುತ್ತದೆ, ಮೇಲೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಯಾವ ವೇಗ ಬೇಡವೆಂದು ಇಳಿಜಾರು ಕಟ್ಟಿದೆನೋ ಅದೇ ವೇಗದಲ್ಲಿ ಫ್ಯಾನ್ ಮನೆ ಮಾಡಿತ್ತು.

ಪರಿಹಾರ ಸರಳ. ಕಾರ್ಡ್ ಕೊಡುವ ಉಷ್ಣತೆ ಪೂರ್ಣಾಂಕದಲ್ಲಿರುತ್ತದೆ, 76 ಆದ ಮೇಲೆ 77. ಚುಕ್ಕಿಗಳನ್ನು 76ಕ್ಕೆ 44, 77ಕ್ಕೆ 56 ಎಂದು ಪಕ್ಕಪಕ್ಕದಲ್ಲಿಟ್ಟರೆ ನಡುವಿನ ಇಳಿಜಾರಿನ ಮೇಲೆ ನಿಲ್ಲಲು ಫ್ಯಾನ್‌ಗೆ ಜಾಗವೇ ಇಲ್ಲ.

ಆದರೆ ಮೆಟ್ಟಿಲು ಕಡಿದಾದರೆ ಇನ್ನೊಂದು ರೋಗ. 77ಕ್ಕೆ ಹಾರಿದ ಫ್ಯಾನ್ ಉಷ್ಣತೆಯನ್ನು ಮೂರು ಡಿಗ್ರಿ ಇಳಿಸುತ್ತದೆ, 74 ಆಯಿತೆಂದು ಮೆಟ್ಟಿಲಿಳಿಯುತ್ತದೆ, ಮತ್ತೆ 77, ಮತ್ತೆ ಹಾರುತ್ತದೆ. ಇದನ್ನು ತಡೆಯುವುದೇ ಅದೇ ಪುಟದಲ್ಲಿರುವ `Temperature hysteresis`. ಉಷ್ಣತೆ ಏರುವಾಗ ಫ್ಯಾನ್ ಕೂಡಲೇ ಏರುತ್ತದೆ. ಇಳಿಯುವಾಗ ಮಾತ್ರ ಇಲ್ಲಿ ಕೊಟ್ಟಷ್ಟು ಡಿಗ್ರಿ ಇಳಿದ ಮೇಲೆಯೇ ಫ್ಯಾನ್ ಇಳಿಯುತ್ತದೆ. ಮೆಟ್ಟಿಲು ಹತ್ತಿದ್ದರಿಂದ ಆಗುವ ತಂಪಿಗಿಂತ ಈ ಅಂಕಿ ದೊಡ್ಡದಿರಬೇಕು. ನನ್ನಲ್ಲಿ ತಂಪು ಮೂರು ಡಿಗ್ರಿ, ಹಾಗಾಗಿ 5 ಕೊಟ್ಟೆ. ಹತ್ತಿದ ಫ್ಯಾನ್ ಆಟ ಮುಗಿಯುವವರೆಗೂ ಮೇಲೆಯೇ ಇರುತ್ತದೆ, ಒಂದೇ ಸ್ವರದಲ್ಲಿ.

ಮೇಲ್ತುದಿಯಲ್ಲಿ 83 ಡಿಗ್ರಿಯವರೆಗೆ 56, ಅಲ್ಲಿಂದ 90ಕ್ಕೆ 100 ಶೇಕಡಾ. ಇದು ಸದ್ದಿನ ಲೆಕ್ಕಕ್ಕಲ್ಲ. ಧೂಳು ಮತ್ತೆ ಕಟ್ಟಿದರೆ, ಒಂದು ಫ್ಯಾನ್ ನಿಂತರೆ, ಕಾರ್ಡ್ ಕೂಗಿ ಕರೆಯಲಿ ಎಂದು.

ಒಂದು ಎಚ್ಚರಿಕೆ: ಈ ಗೆರೆ ನೋಡುವುದು ಚಿಪ್‌ನ ಉಷ್ಣತೆಯನ್ನು ಮಾತ್ರ. ಮೆಮೊರಿ ಬೇಯುತ್ತಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಜಿಡಿಡಿಆರ್6ಎಕ್ಸ್ ಮೆಮೊರಿಯ ಕಾರ್ಡ್‌ಗಳಲ್ಲಿ ಮೆಮೊರಿ 100 ದಾಟುವುದು ಅಪರೂಪವಲ್ಲ. ಅಂಥವರು ಫ್ಯಾನ್ ಇಳಿಸಿದ ಮೇಲೆ ಮೆಮೊರಿಯ ಅಂಕಿಯನ್ನೂ ಇಪ್ಪತ್ತು ನಿಮಿಷ ನೋಡಿಯೇ ಏಳಬೇಕು.

ಆಮೇಲೆ

ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಫ್ಯಾನ್ ಮತ್ತೆ ಎದ್ದು ಬೀಳತೊಡಗಿತು. ಆಫ್ಟರ್‌ಬರ್ನರ್ ಓಡುತ್ತಿರಲಿಲ್ಲ, ಅಷ್ಟೇ. ಈ ಗೆರೆ ಕಾರ್ಡ್‌ನೊಳಗೆ ಬರೆದದ್ದಲ್ಲ. ತಂತ್ರಾಂಶ ಮುಚ್ಚಿದರೆ ಕಾರ್ಡ್ ತನ್ನ ಕಾರ್ಖಾನೆಯ ಬುದ್ಧಿಗೆ ಮರಳುತ್ತದೆ. ವಿಂಡೋಸ್ ಜೊತೆಗೇ ಶುರುವಾಗುವಂತೆ ಗುರುತು ಹಾಕಿದೆ. ಇನ್ನೊಂದು ಫ್ಯಾನ್ ತಂತ್ರಾಂಶವೂ ಯಂತ್ರದಲ್ಲಿತ್ತು, ಅದನ್ನು ತೆಗೆದೆ. ಇಬ್ಬರು ಒಂದೇ ಲಗಾಮು ಹಿಡಿದರೆ ಫ್ಯಾನ್ ಯಾರ ಮಾತನ್ನೂ ಕೇಳುವುದಿಲ್ಲ.

ಬಿಸಿಲು ಏರಿದ ದಿನಗಳಿಗೆ ಇನ್ನೊಂದು ಉಪಾಯ ಉಳಿದಿದೆ. 220 ವ್ಯಾಟ್‌ಗೆ ಕೋಣೆಗಿಂತ 46 ಡಿಗ್ರಿ ಹೆಚ್ಚು ಎಂದರೆ ವ್ಯಾಟ್‌ಗೆ ಸುಮಾರು 0.21 ಡಿಗ್ರಿ. ಪವರ್ ಲಿಮಿಟ್ ಅನ್ನು 190 ವ್ಯಾಟ್‌ಗೆ ಇಳಿಸಿದರೆ ಆರು ಡಿಗ್ರಿ ಇಳಿಯಬೇಕು. ಮಾಡಿ ನೋಡಿದೆ, 72 ಇದ್ದದ್ದು 66 ಆಯಿತು. ಆಟದಲ್ಲಿ ಕಳೆದುಕೊಂಡ ಫ್ರೇಮ್‌ಗಳನ್ನು ಎಣಿಸಿದರೆ ಮಾತ್ರ ಗೊತ್ತಾಗುತ್ತದೆ, ಕಣ್ಣಿಗಲ್ಲ. ಸದ್ಯಕ್ಕೆ 220ರಲ್ಲೇ ಇಟ್ಟಿದ್ದೇನೆ.

ಕ್ಯಾಬಿನೆಟ್‌ನ ಬಾಗಿಲಿನ ಒಳಮೈಗೆ ಒಂದು ಕಾಗದದ ಪಟ್ಟಿ ಅಂಟಿಸಿದ್ದೇನೆ: ಕೋಣೆ 26, ಭಾರ 220 ವ್ಯಾಟ್, ಫ್ಯಾನ್ 44 ಶೇಕಡಾ, ಚಿಪ್ 72, ಹಾಟ್‌ಸ್ಪಾಟ್ 87. ಆರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ನಡೆಸಿ ಕೆಳಗೆ ಹೊಸ ಸಾಲು ಬರೆಯಬೇಕು. ಎರಡೂ ಅಂಕಿ ಜೊತೆಯಾಗಿ ಏರಿದ್ದರೆ ಬ್ರಷ್, ಅಂತರ ಏರಿದ್ದರೆ ಪೇಸ್ಟ್. 1.5 ಮಿಲಿಮೀಟರ್ ಎಂದೂ ಅದರಲ್ಲೇ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.